ಅಢಾವೆ ಪತ್ರಿಕೆಯಲ್ಲಿ 46,800 ರೂಪಾಯಿ ತಾಳೆಯಾಗುತ್ತಿಲ್ಲ. ಒಂಬತ್ತರಿಂದ ಭಾಗವಾಗುತ್ತದೆ, ತಪ್ಪು ಮಾತ್ರ ಸಿಗುತ್ತಿಲ್ಲ

ಶಾಖೆಲೆಕ್ಕ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಎಂಟು ತಿಂಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಕೇಂದ್ರ ಕಚೇರಿಯ ಜೊತೆಗೆ ನಮಗೆ ಎರಡು ಶಾಖೆಗಳಿವೆ, ಒಂದು ಪೇಟೆ ಬೀದಿಯಲ್ಲಿ, ಇನ್ನೊಂದು ಸಂತೆ ಮೈದಾನದ ಪಕ್ಕದಲ್ಲಿ. ಮಾರ್ಚ್ 31ಕ್ಕೆ ಮೂರೂ ಕಡೆಯಿಂದ ಸಹಿ ಮಾಡಿದ ಪಟ್ಟಿಗಳು ಬಂದವು. ಅವನ್ನು ನೋಡಿಕೊಂಡು ಎಕ್ಸೆಲ್ ಹಾಳೆಯಲ್ಲಿ ಒಟ್ಟು ಸಂಘದ ಅಢಾವೆ ಪತ್ರಿಕೆ ಸಿದ್ಧಪಡಿಸಿದೆ.

ಆಸ್ತಿಯ ಒಟ್ಟು 1,25,08,000 ಬಂದಿದೆ. ಠೇವಣಿ, ಕೊಡಬೇಕಾದ ಬಡ್ಡಿ, ಷೇರು ಬಂಡವಾಳ, ನಿಧಿಗಳು, ಲಾಭ ಎಲ್ಲ ಸೇರಿ ಆ ಕಡೆಯ ಒಟ್ಟು 1,25,54,800. ವ್ಯತ್ಯಾಸ 46,800. ಅಂಕೆ ಅದಲುಬದಲಾದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ ಎಂದು ಕಾಲೇಜಿನಲ್ಲಿ ಕೇಳಿದ್ದೆ. ಭಾಗಿಸಿದೆ, ಸರಿಯಾಗಿ 5,200 ಬಂತು. 5,200 ಇರಬೇಕಾದ ಕಡೆ ಒಂದು ಸೊನ್ನೆ ಹೆಚ್ಚಾಗಿ 52,000 ಆಗಿದ್ದರೂ ಇಷ್ಟೇ ವ್ಯತ್ಯಾಸ ಬರುತ್ತದಲ್ಲವೇ? ಹುಡುಕಿದರೆ ಪೇಟೆ ಶಾಖೆಯ ಪೀಠೋಪಕರಣದ ಸಾಲಿನಲ್ಲಿ 52,000 ಕಾಣಿಸಿತು. ಸಿಕ್ಕಿತೆಂದು ಸಂತೋಷಪಟ್ಟು ದಾಸ್ತಾನು ಪುಸ್ತಕ ತೆಗೆದು ನೋಡಿದರೆ ಅದು ನಿಜವಾಗಿಯೂ 52,000.

ಎರಡು ದಿನ ಕಳೆದಿದೆ. ಅಧ್ಯಕ್ಷರು "ಸದ್ಯಕ್ಕೆ ಅನಾಮತ್ತು ಖಾತೆಗೆ ಹಾಕಿ ಮುಗಿಸಿ" ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ದಾರಿ ತೋರಿಸಿ.

ಗಣಿತದ ಮೇಷ್ಟ್ರು

ಮಗು, ಇದಕ್ಕೆ ಹಳೆಯ ಉಪಾಯವಿದೆ. ಪ್ರತಿ ಸಂಖ್ಯೆಯ ಅಂಕೆಗಳನ್ನು ಕೂಡಿ, ಒಂಬತ್ತು ಕಳೆಯುತ್ತ ಒಂದೇ ಅಂಕೆಗೆ ಇಳಿಸಿ. ಶಾಖೆಯ ಕಾಗದದಲ್ಲಿರುವ ಸಂಖ್ಯೆಗೂ ನಿಮ್ಮ ಹಾಳೆಯ ಸಂಖ್ಯೆಗೂ ಹೀಗೆ ಮಾಡಿದರೆ ಎಲ್ಲಿ ಶೇಷ ಬೇರೆಯಾಗುತ್ತದೋ ಅಲ್ಲೇ ತಪ್ಪು. ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ, ಸಂಕಲನದ ತಪ್ಪು ಇದರಿಂದ ತಪ್ಪಿಸಿಕೊಂಡಿದ್ದು ಕಡಿಮೆ.

ಖತಾವಣಿ

ಮೇಷ್ಟ್ರೇ, ಕೂಡುವಾಗ ಆಗುವ ತಪ್ಪಿಗೆ ನಿಮ್ಮ ಉಪಾಯ ಒಳ್ಳೆಯದೇ. ಅಂಕೆ ಅದಲುಬದಲಾದ ತಪ್ಪನ್ನು ಮಾತ್ರ ಅದು ಎಂದಿಗೂ ತೋರಿಸುವುದಿಲ್ಲ. 83 ಇದ್ದದ್ದು 38 ಆದರೂ ಅಂಕೆಗಳ ಮೊತ್ತ 11 ಆಗಿಯೇ ಉಳಿಯುತ್ತದೆ, ಶೇಷ ಎರಡೇ. ವ್ಯತ್ಯಾಸ ಒಂಬತ್ತರಿಂದ ಭಾಗವಾಗುವುದೂ ಇದೇ ಕಾರಣಕ್ಕೆ. ಒಂದೊಂದು ಸಂಖ್ಯೆಯನ್ನೂ ಪರೀಕ್ಷಿಸಲೇಬೇಕೆಂದರೆ ಹನ್ನೊಂದರ ಲೆಕ್ಕ ಹಿಡಿಯಬೇಕು. ಬಲದಿಂದ ಒಂದು ಅಂಕೆ ಕೂಡಿ, ಮುಂದಿನದನ್ನು ಕಳೆದು, ಮತ್ತೆ ಕೂಡಿ ಹೋಗುವ ಕ್ರಮ. 83ಕ್ಕೆ 3 − 8 ಅಂದರೆ −5, 38ಕ್ಕೆ 8 − 3 ಅಂದರೆ 5. ಪಕ್ಕಪಕ್ಕದ ಅಂಕೆ ಜಾಗ ಬದಲಿಸಿದರೆ ಅಲ್ಲಿ ಗೊತ್ತಾಗುತ್ತದೆ.

ಶಾಖೆಲೆಕ್ಕ ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯಲ್ಲಿ ಬಹಳ ವರ್ಷ ದುಡಿದವನು. ಮೊದಲು ದಿಕ್ಕು ನೋಡಿ. ನಿಮ್ಮಲ್ಲಿ ಆಸ್ತಿಯ ಕಡೆ ಕಡಿಮೆ ಇದೆ. ಪೀಠೋಪಕರಣ ಆಸ್ತಿ. ಅಲ್ಲಿನ 52,000ವನ್ನು 5,200 ಎಂದು ತಿದ್ದಿದರೆ ಆಸ್ತಿ ಇನ್ನೂ 46,800 ಇಳಿದು ವ್ಯತ್ಯಾಸ 93,600 ಆಗುತ್ತಿತ್ತು. ದಾಸ್ತಾನು ಪುಸ್ತಕ ತೆರೆಯುವ ಮೊದಲೇ ಅದನ್ನು ಬಿಟ್ಟುಬಿಡಬಹುದಿತ್ತು.

ಎರಡನೆಯದು, ಆ 5,200 ಎಂಬ ಭಾಗಲಬ್ಧವೇ ಮಾತಾಡುತ್ತಿದೆ. ಪಕ್ಕಪಕ್ಕದ ಎರಡು ಅಂಕೆ ಒಂದೇ ಒಂದು ಕಡೆ ಅದಲುಬದಲಾಗಿದ್ದರೆ ಒಂಬತ್ತರಿಂದ ಭಾಗಿಸಿದಾಗ ಒಂದು ಅಂಕೆ, ಅದರ ಹಿಂದೆ ಸೊನ್ನೆಗಳು ಮಾತ್ರ ಬರಬೇಕು. 5,000 ಬಂದರೆ ಸಾವಿರ ಮತ್ತು ಹತ್ತುಸಾವಿರದ ಸ್ಥಾನ, ಆ ಎರಡು ಅಂಕೆಗಳ ನಡುವಿನ ಅಂತರ ಐದು ಎಂದು ಅರ್ಥ. 200 ಬಂದರೆ ನೂರು ಮತ್ತು ಸಾವಿರದ ಸ್ಥಾನ, ಅಂತರ ಎರಡು. ನಿಮಗೆ ಬಂದಿರುವುದು 5,200. ಒಂದೇ ಅದಲುಬದಲಿಗೆ ಹೊಂದುವುದಿಲ್ಲ. ಸೊನ್ನೆ ಜಾರಿದ್ದರೆ ಹೊಂದುತ್ತದೆ, ಎರಡು ತಪ್ಪು ಕೂಡಿಕೊಂಡಿದ್ದರೂ ಹೊಂದುತ್ತದೆ. ನನ್ನ ಅನುಮಾನ ಎರಡನೆಯದರ ಮೇಲೆ.

ಒಂದು ಕೇಳುತ್ತೇನೆ. ನಿಮ್ಮ ಹಾಳೆಯಲ್ಲಿ ಅಡ್ಡ ಸಾಲಿನ ಮೊತ್ತ, ಉದ್ದ ಸಾಲಿನ ಮೊತ್ತ ಎಲ್ಲಿಂದ ಬಂದಿವೆ?

ಬಿ.ಕಾಂ. ವಿದ್ಯಾರ್ಥಿ

ಸರ್, ನಿವ್ವಳ ಲಾಭವನ್ನು 46,800 ಕಡಿಮೆ ಮಾಡಿದರೆ ಎರಡೂ ಕಡೆ ಸಮವಾಗುತ್ತದಲ್ಲವೇ? ಎರಡು ವರ್ಷದ ಸ್ವಂತ ನಿಧಿ ಕೊಟ್ಟು ಲಾಭ ಕಂಡುಹಿಡಿಯುವ ಲೆಕ್ಕಗಳಲ್ಲಿ ನಾವು ಹಾಗೆಯೇ ಮಾಡಿದ್ದೇವೆ.

ಖತಾವಣಿ

ಅದು ಅಪೂರ್ಣ ದಾಖಲೆಗಳ ಪಾಠ ತಮ್ಮಾ. ಪುಸ್ತಕಗಳೇ ಇಲ್ಲದ ಅಂಗಡಿಯವರಿಗೆ ಬೇರೆ ದಾರಿಯಿಲ್ಲದೆ ಹಾಗೆ ಮಾಡುತ್ತಾರೆ. ಇಲ್ಲಿ ಲಾಭ ಲಾಭ-ನಷ್ಟ ತಃಖ್ತೆಯಿಂದ ಬೇರೆಯಾಗಿ ಬಂದು ಕೂರುತ್ತದೆ. ಅದು ಬೇರೆ ಕಡೆಯಿಂದ ಬರುವುದರಿಂದಲೇ ಎರಡು ಕಡೆ ಸಮವಾದಾಗ ಏನಾದರೂ ಸಾಬೀತಾಗುವುದು. ಲಾಭವನ್ನೇ ಉಳಿಕೆ ಅಂಕಿಯಾಗಿ ತುಂಬಿದರೆ ಎಷ್ಟು ತಪ್ಪಿದ್ದರೂ ಎರಡು ಕಡೆ ಸಮವಾಗಿಯೇ ನಿಲ್ಲುತ್ತವೆ. ಸಂಘದಲ್ಲಂತೂ ಆ ಲಾಭದ ಕಾಲು ಭಾಗ ಮೀಸಲು ನಿಧಿಗೆ ಹೋಗಬೇಕು, ಉಳಿದದ್ದರಲ್ಲಿ ಸದಸ್ಯರಿಗೆ ಲಾಭಾಂಶ ಹಂಚಬೇಕು. ಬೇರೆಲ್ಲೋ ಆದ ತಪ್ಪನ್ನು ಅಲ್ಲಿಗೆ ಒಯ್ಯಬಾರದು.

ಶಾಖೆಲೆಕ್ಕ

ಸರ್, ಮೊತ್ತಗಳೆಲ್ಲ ಸೂತ್ರದಿಂದಲೇ ಬಂದಿವೆ. ಅಡ್ಡಕ್ಕೂ SUM, ಉದ್ದಕ್ಕೂ SUM. ಬಲಗಡೆಯ ಕೆಳಮೂಲೆಯಲ್ಲಿ ಎರಡೂ ಒಂದೇ ಬರುತ್ತವೆ. ಆದ್ದರಿಂದ ಅಡ್ಡ-ಉದ್ದ ಸರಿಯಾಗಿದೆ ಎಂದುಕೊಂಡಿದ್ದೆ.

ಖತಾವಣಿ

ಗಂಟು ಇಲ್ಲೇ ಇದೆ. ಅವೇ ಅಂಕಿಗಳನ್ನು ಎಡದಿಂದ ಬಲಕ್ಕೆ ಕೂಡಿದರೂ ಮೇಲಿನಿಂದ ಕೆಳಕ್ಕೆ ಕೂಡಿದರೂ ಯಂತ್ರ ಒಂದೇ ಉತ್ತರ ಕೊಡುತ್ತದೆ. ನೀವು ಬೆರಳಚ್ಚಿಸಿದ್ದು ತಪ್ಪಾಗಿದ್ದರೆ ಆ ತಪ್ಪು ಎರಡು ಮೊತ್ತದಲ್ಲೂ ಸೇರಿ, ಎರಡೂ ಒಂದನ್ನೊಂದು ಒಪ್ಪುತ್ತವೆ. ಕೈಯಲ್ಲಿ ಕೂಡುತ್ತಿದ್ದ ಕಾಲದಲ್ಲಿ ಕೂಡುವ ತಪ್ಪು ಹಿಡಿಯಲು ಅಷ್ಟು ಸಾಕಿತ್ತು. ಈಗ ನಮಗೆ ಬೇಕಾಗಿರುವುದು ನಕಲು ಮಾಡುವಾಗಿನ ತಪ್ಪು ಹಿಡಿಯುವುದು. ಅದಕ್ಕೆ ಮೊತ್ತ ಹೊರಗಿನಿಂದ ಬರಬೇಕು.

ಹೀಗೆ ಮಾಡಿ. ಹಾಳೆಯ ಕೆಳಗೆ ಒಂದು ಹೊಸ ಸಾಲು ಸೇರಿಸಿ. ಪ್ರತಿ ಶಾಖೆಯವರು ಸಹಿ ಮಾಡಿ ಕಳಿಸಿದ ಕಾಗದದಲ್ಲಿ ಅವರೇ ಬರೆದಿರುವ ಒಟ್ಟು ಮೊತ್ತವನ್ನು ಅಲ್ಲಿ ಬರೆಯಿರಿ. ಬಲಗಡೆ ಒಂದು ಹೊಸ ಕಾಲಂ ಸೇರಿಸಿ. ಕೇಂದ್ರ ಕಚೇರಿಯ ಸಾಮಾನ್ಯ ಖಾತಾ ಪುಸ್ತಕದಲ್ಲಿ ಇಡೀ ಸಂಘಕ್ಕೆ ಆಯಾ ಬಾಬಿನ ಶಿಲ್ಕು ಎಷ್ಟಿದೆಯೋ ಅದನ್ನು ಅಲ್ಲಿ ಬರೆಯಿರಿ. ನಿಮ್ಮ ಸೂತ್ರದ ಮೊತ್ತಕ್ಕೂ ಇವಕ್ಕೂ ಇರುವ ವ್ಯತ್ಯಾಸ ಮಾತ್ರ ನೋಡಿ. B, C, D ಕಾಲಂಗಳಲ್ಲಿ ಮೂರು ಕಚೇರಿಗಳು, F ಕಾಲಂನಲ್ಲಿ ಖಾತಾ ಪುಸ್ತಕದ ಶಿಲ್ಕು, 7ನೇ ಸಾಲಿನಲ್ಲಿ ಕಾಗದದ ಮೊತ್ತ ಎಂದಿಟ್ಟುಕೊಂಡರೆ:

```
=SUM(B2:D2)-F2
=SUM(C2:C5)-C7
```

ಎಲ್ಲ ಕಡೆ ಸೊನ್ನೆ ಬರಬೇಕು. ಯಾವ ಅಡ್ಡ ಸಾಲಿನಲ್ಲಿ ಸೊನ್ನೆ ಬರುವುದಿಲ್ಲವೋ, ಯಾವ ಉದ್ದ ಸಾಲಿನಲ್ಲಿ ಬರುವುದಿಲ್ಲವೋ, ಅವೆರಡೂ ಕೂಡುವ ಮನೆಯಲ್ಲಿ ತಪ್ಪಿದೆ. ಆಸ್ತಿಗೂ ಜವಾಬ್ದಾರಿಗೂ ಬೇರೆಬೇರೆಯಾಗಿ ಮಾಡಿ.

ಖಜಾಂಚಿ, ಬೆಂಗಳೂರು

ನನ್ನದೂ ಒಂದಿದೆ, ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಲೆಕ್ಕದಲ್ಲಿ ಪಾವತಿಗಿಂತ ಸ್ವೀಕೃತಿ ಕಡಿಮೆ ಬರುತ್ತಿದೆ, 1,620 ರೂಪಾಯಿ ವ್ಯತ್ಯಾಸ. ಒಂಬತ್ತರಿಂದ ಭಾಗಿಸಿದರೆ 180. ಅಂದರೆ ನಮ್ಮಲ್ಲೂ ಎರಡು ಕಡೆ ಅಂಕೆ ಅದಲುಬದಲಾಗಿದೆಯೇ? ಆರು ತಿಂಗಳ ರಸೀದಿಗಳನ್ನೆಲ್ಲ ಮತ್ತೆ ನೋಡಿದೆ.

ಖತಾವಣಿ

ಒಂಬತ್ತರಿಂದ ಭಾಗವಾದ ಮಾತ್ರಕ್ಕೆ ಅದಲುಬದಲು ಎಂದಲ್ಲ. ಯಾವುದೋ ಕಾರಣಕ್ಕೆ ಬಂದ ವ್ಯತ್ಯಾಸವೂ ಒಂಬತ್ತರಲ್ಲಿ ಒಂದು ಸಲ ಹಾಗೆ ಭಾಗವಾಗುತ್ತದೆ. ಎರಡರಿಂದಲೂ ಭಾಗಿಸಿ ನೋಡಿ, 810. ನಿಮ್ಮ ಪುಸ್ತಕದಲ್ಲಿ 810 ರೂಪಾಯಿಯ ನಮೂದು ಇದೆಯೇ? ಒಂದು ಮೊತ್ತ ಇರಬೇಕಾದ ಕಡೆ ಬಿಟ್ಟು ಎದುರು ಕಡೆ ಕುಳಿತರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ.

ಖಜಾಂಚಿ, ಬೆಂಗಳೂರು

ಇದೆ! ನೀರಿನ ಟ್ಯಾಂಕರ್‌ನವರು ಹೆಚ್ಚಿಗೆ ಪಡೆದಿದ್ದನ್ನು ವಾಪಸು ಕೊಟ್ಟ ಹಣ. ಸ್ವೀಕೃತಿಗೆ ಬರಬೇಕಿತ್ತು, ಪಾವತಿಯಲ್ಲಿ ಬರೆದಿದೆ. ತುಂಬಾ ಧನ್ಯವಾದಗಳು.

ಶಾಖೆಲೆಕ್ಕ

ಮಾಡಿದೆ ಸರ್. ಇಂದು ಬೆಳಿಗ್ಗೆ ಕೇಂದ್ರ ಕಚೇರಿಯ ಖಾತಾ ಪುಸ್ತಕ ತರಿಸಿಕೊಂಡು ಕುಳಿತೆ. ಆಸ್ತಿಯ ಕಡೆ ಕೇಂದ್ರ ಕಚೇರಿಗೂ ಸಂತೆ ಶಾಖೆಗೂ ಸೊನ್ನೆ ಬಂತು. ಪೇಟೆ ಶಾಖೆಯ ಕಾಲಂನಲ್ಲಿ ನನ್ನ ಹಾಳೆ 32,05,650 ತೋರಿಸುತ್ತಿದೆ, ಅವರ ಕಾಗದದಲ್ಲಿ ಒಟ್ಟು 32,50,650 ಇದೆ. 45,000 ಕಡಿಮೆ. ಇನ್ನೂ ಅಡ್ಡ ಸಾಲುಗಳನ್ನು ನೋಡಿಲ್ಲ, ಖುಷಿಗೆ ಮೊದಲು ಇಲ್ಲಿ ಬರೆಯುತ್ತಿದ್ದೇನೆ.

ಹಾಳೆ ಸೂತ್ರ

32,05,650 ಮತ್ತು 32,50,650. ನೋಡಿ, ಮೊತ್ತದಲ್ಲೇ ಸೊನ್ನೆ ಮತ್ತು ಐದು ಅದಲುಬದಲಾಗಿದೆ. ಶಾಖೆಯವರು ಮೊತ್ತ ಬರೆಯುವಾಗ ತಪ್ಪಿದ್ದಾರೆ. ನಿಮ್ಮ ಹಾಳೆಯೇ ಸರಿ, ಅವರ ಕಾಗದ ವಾಪಸು ಕಳಿಸಿ.

ಖತಾವಣಿ

ಆತುರ ಬೇಡ. ನೋಟಕ್ಕೆ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಶಾಖೆಯವರು ಮೊತ್ತ ಬರೆಯುವಾಗ ತಪ್ಪಿದ್ದರೆ ಆ ತಪ್ಪು ಉದ್ದ ಸಾಲಿನಲ್ಲಿ ಮಾತ್ರ ಕಾಣಬೇಕು, ಅಡ್ಡ ಸಾಲುಗಳೆಲ್ಲ ಸೊನ್ನೆ ತೋರಿಸಬೇಕು. ಒಳಗಿನ ಒಂದು ಮನೆಯಲ್ಲಿ ತಪ್ಪಿದ್ದರೆ ಒಂದು ಅಡ್ಡ ಸಾಲೂ ಅಷ್ಟೇ 45,000 ಕಡಿಮೆ ತೋರಿಸುತ್ತದೆ. ಅಡ್ಡ ಸಾಲು ನೋಡದೆ ಯಾರ ಕಾಗದ ತಪ್ಪು ಎಂದು ಹೇಳಲಾಗದು.

ಶಾಖೆಲೆಕ್ಕ

ನೋಡಿದೆ. ಮೊದಲ ಸಾಲು, ನಗದು ಮತ್ತು ಬ್ಯಾಂಕ್ ಶಿಲ್ಕು. ಖಾತಾ ಪುಸ್ತಕದಲ್ಲಿ 13,01,200, ನನ್ನ ಹಾಳೆಯಲ್ಲಿ 12,56,200. ಅಷ್ಟೇ 45,000 ಕಡಿಮೆ. ಪೇಟೆ ಶಾಖೆಯ ಕಾಲಂ ಮತ್ತು ನಗದಿನ ಸಾಲು ಕೂಡುವ ಮನೆಯಲ್ಲಿ ನಾನು 4,38,650 ಎಂದು ಹಾಕಿದ್ದೇನೆ. ಕಾಗದದಲ್ಲಿ 4,83,650 ಇದೆ. ಈ ಎರಡು ದಿನದಲ್ಲಿ ಆ ಸಾಲನ್ನು ಹತ್ತು ಸಲವಾದರೂ ಓದಿರಬೇಕು, ಪ್ರತಿ ಸಲವೂ ಸರಿಯಾಗಿಯೇ ಕಂಡಿತು.

ಶಾಖೆಯ ನಗದು ಪ್ರಮಾಣಪತ್ರದ ಜೊತೆಗೆ ಬ್ಯಾಂಕ್ ಪಾಸ್ ಪುಸ್ತಕದ ಶಿಲ್ಕನ್ನೂ ಕೂಡಿ ನೋಡಿದೆ, 4,83,650 ಬಂತು.

ಜವಾಬ್ದಾರಿಯ ಕಡೆಯೂ ಹಾಗೆಯೇ ಹುಡುಕಿದೆ. ಸಂತೆ ಶಾಖೆಯ ಕಾಲಂ 1,800 ಹೆಚ್ಚು, ಕೊಡಬೇಕಾದ ಬಡ್ಡಿಯ ಸಾಲು 1,800 ಹೆಚ್ಚು. ಆ ಮನೆಯಲ್ಲಿ 63,500 ಬದಲು 65,300 ಇತ್ತು. ನೀವು ಹೇಳಿದ ಹಾಗೆ 5,000 ಮತ್ತು 200, ಒಂದೊಂದು ಒಂದೊಂದು ಕಡೆ. ಆಸ್ತಿ ಕಡಿಮೆಯಾಗಿ, ಜವಾಬ್ದಾರಿ ಹೆಚ್ಚಾಗಿ, ವ್ಯತ್ಯಾಸ ಎರಡೂ ಸೇರಿ 46,800 ಆಗಿತ್ತು. ಈಗ ಎರಡೂ ಕಡೆ 1,25,53,000.

ಗಣಿತದ ಮೇಷ್ಟ್ರು

ಹನ್ನೊಂದರ ಲೆಕ್ಕ ಮಾಡಿ ನೋಡಿದೆ. 4,83,650ಕ್ಕೆ ಶೇಷ 2, 4,38,650ಕ್ಕೆ 3. ಬೇರೆಬೇರೆಯೇ ಬಂತು. ಒಂಬತ್ತರದ್ದು ಎರಡಕ್ಕೂ 8. ಖತಾವಣಿಯವರ ಮಾತು ಸರಿ.

ಗಡಿನಾಡು

ಬೆಳಗಾವಿ ಕಡೆಯ ಅನುಭವ ಹೇಳುತ್ತೇನೆ. ನಮ್ಮಲ್ಲಿ ಒಬ್ಬರು ಅಂಕಿ ಓದುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಓದುವವರ ಬಾಯಿಗೆ ಮರಾಠಿ ಸಲೀಸು. ಕನ್ನಡದಲ್ಲಿ ಎಂಬತ್ತಮೂರು ಎಂದರೆ ಎಂಬತ್ತು ಮೊದಲು, ಮೂರು ಆಮೇಲೆ. ಮರಾಠಿಯಲ್ಲಿ ಮೂರು ಮೊದಲು ಕೇಳಿಸುತ್ತದೆ, ಎಂಬತ್ತು ಆಮೇಲೆ, ಹಿಂದಿಯಲ್ಲೂ ಹಾಗೆಯೇ. ಬರೆಯುವ ಕೈ ಕೇಳಿದ ಕ್ರಮದಲ್ಲೇ ಓಡಿದರೆ 38 ಆಗಿಬಿಡುತ್ತದೆ. ನಮ್ಮ ಅದಲುಬದಲುಗಳಲ್ಲಿ ಹೆಚ್ಚಿನವು ಸಾವಿರದ ಜೋಡಿಯಲ್ಲೋ ಲಕ್ಷದ ಜೋಡಿಯಲ್ಲೋ ಸಿಗುತ್ತಿದ್ದವು, ಏಕೆಂದರೆ ಅಲ್ಪವಿರಾಮಗಳ ನಡುವಿನ ಎರಡು ಅಂಕೆಗಳನ್ನು ಒಂದೇ ಪದವಾಗಿ ಓದುತ್ತೇವೆ. ಈಗ ಅಂಕೆ ಅಂಕೆಯಾಗಿ "ನಾಲ್ಕು, ಎಂಟು ಮೂರು, ಆರು ಐದು ಸೊನ್ನೆ" ಎಂದು ಓದಿಸುತ್ತೇವೆ. ಮೇಡಂ, ನಿಮಗೆ ಯಾರಾದರೂ ಓದಿ ಹೇಳಿದರೇ?

ಶಾಖೆಲೆಕ್ಕ

ಇಲ್ಲ ಸರ್, ಕಾಗದ ನೋಡಿಕೊಂಡು ನಾನೇ ಹಾಕಿದ್ದು. ಸಂತೆ ಶಾಖೆಯದ್ದು ಮಾತ್ರ ಮೊದಲು ದೂರವಾಣಿಯಲ್ಲಿ ಬರೆದುಕೊಂಡೆ, ಕಾಗದ ಮರುದಿನ ಬಂತು. ಆದರೆ 63,500ರಲ್ಲಿ ಅದಲುಬದಲಾಗಿರುವುದು ಮೂರು ಮತ್ತು ಐದು, ಅವು ಒಂದೇ ಪದದೊಳಗೆ ಬರುವುದಿಲ್ಲ. ಅದು ಹೇಗಾಯಿತೋ ತಿಳಿಯಲಿಲ್ಲ.

ಹಾಳೆ ಸೂತ್ರ

ಶಾಖೆಯ ಕಾಗದದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಇನ್ನೊಂದು ಕೇಳಬೇಕು. ಪ್ರತಿ ಶಾಖೆಯ ಕಾಲಂನಲ್ಲೇ ಆಸ್ತಿ ಮತ್ತು ಜವಾಬ್ದಾರಿ ಸಮವಾಗಬೇಕಲ್ಲವೇ? ಅದನ್ನು ನೋಡಿದ್ದರೆ ಖಾತಾ ಪುಸ್ತಕ ತರಿಸದೆಯೇ ಯಾವ ಶಾಖೆ ಎಂದು ಗೊತ್ತಾಗುತ್ತಿತ್ತು.

ಶಾಖೆಲೆಕ್ಕ

ಕೇಂದ್ರ ಕಚೇರಿ-ಶಾಖೆಗಳ ನಡುವಿನ ಲೆಕ್ಕದ ಸಾಲನ್ನು ನಾನು ಬಿಟ್ಟಿದ್ದೆ, ಕಾಗದದ ಮೊತ್ತಗಳಿಂದಲೂ ಅದನ್ನು ಕಳೆದೇ ಹೋಲಿಸಿದೆ. ಒಟ್ಟಿನಲ್ಲಿ ಅದು ಹೇಗೂ ಸೊನ್ನೆಯಾಗುತ್ತದೆಂದು ಹಾಕಲಿಲ್ಲ.

ಖತಾವಣಿ

ಆ ಸಾಲು ಬಿಡಬೇಡಿ. ಅಂತಿಮ ಪತ್ರಿಕೆಯಲ್ಲಿ ಕಾಣಿಸಬೇಕಿಲ್ಲ, ಕೆಲಸದ ಹಾಳೆಯಲ್ಲಿ ಇರಲೇಬೇಕು. ಪೇಟೆ ಶಾಖೆ ಕೇಂದ್ರ ಕಚೇರಿಗೆ ಎಷ್ಟು ಕೊಡಬೇಕು, ಸಂತೆ ಶಾಖೆ ಎಷ್ಟು ಕೊಡಬೇಕು ಎಂದು ಅವರ ಕಾಗದದಲ್ಲಿದೆಯಲ್ಲ, ಹಾಕಿ ನೋಡಿ.

ಶಾಖೆಲೆಕ್ಕ

ಪೇಟೆ ಶಾಖೆ 61,650, ಸಂತೆ ಶಾಖೆ 2,00,450. ಕೇಂದ್ರ ಕಚೇರಿಯ ಪುಸ್ತಕದಲ್ಲಿ ಶಾಖೆಗಳಿಂದ ಬರಬೇಕಾದದ್ದು 2,62,100. ಸರಿಹೋಯಿತು. ಪೇಟೆ ಶಾಖೆಯಲ್ಲಿ ಷೇರು, ಠೇವಣಿ, ಬಡ್ಡಿ ಸೇರಿ 31,89,000 ಇದೆ, ಅದಕ್ಕೆ 61,650 ಕೂಡಿದರೆ ಸರಿಯಾಗಿ 32,50,650. ಈ ಸಾಲು ಮೊದಲೇ ಇದ್ದಿದ್ದರೆ ಪೇಟೆ ಶಾಖೆಯ ಕಾಲಂ ಮೊದಲ ದಿನವೇ 45,000 ಎಂದು ಹೇಳುತ್ತಿತ್ತು.

ಹಾಳೆ ಸೂತ್ರ

ನನ್ನ ಸಲಹೆ, ಬೆರಳಚ್ಚನ್ನೇ ಬಿಡಿ. ಶಾಖೆಯ ತಂತ್ರಾಂಶದಿಂದ ಕಡತ ತೆಗೆದು ನೇರವಾಗಿ ಹಾಳೆಗೆ ಸೇರಿಸಿ. ಅಂಕೆ ಅದಲುಬದಲಾಗುವ ಮಾತೇ ಬರುವುದಿಲ್ಲ.

ಪಿಗ್ಮಿ ಕೌಂಟರ್

ಶಾಖೆಯೊಳಗೆ ಅದಲುಬದಲಾಗಿದ್ದರೆ ಕಡತದಲ್ಲೂ ಅದೇ ಬರುತ್ತದೆ. ನಮ್ಮಲ್ಲಿ ಪಿಗ್ಮಿ ಸಂಗ್ರಹಕಾರರೊಬ್ಬರು ತಂದ 2,750 ರೂಪಾಯಿಯನ್ನು ಕೌಂಟರಿನಲ್ಲಿ 2,570 ಎಂದು ನಮೂದಿಸಿದರು. ನಗದೂ 2,570, ಠೇವಣಿಯೂ 2,570. ಆಸ್ತಿಯಲ್ಲಿ 180 ಕಡಿಮೆ, ಜವಾಬ್ದಾರಿಯಲ್ಲೂ 180 ಕಡಿಮೆ, ಆದ್ದರಿಂದ ತಾಳೆ ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಸಂಜೆ ಪೆಟ್ಟಿಗೆಯ ನೋಟು ಎಣಿಸಿದಾಗ 180 ಹೆಚ್ಚಿಗೆ ಸಿಕ್ಕಿತು. ಒಂಬತ್ತರಿಂದ ಭಾಗಿಸಿದರೆ 20, ಅಂದರೆ ಹತ್ತು ಮತ್ತು ನೂರರ ಸ್ಥಾನ, ಅಂತರ ಎರಡು. ಆ ದಿನದ ಚೀಟಿಗಳಲ್ಲಿ ನೂರರ ಅಂಕೆ ಹತ್ತರದ್ದಕ್ಕಿಂತ ಎರಡು ಹೆಚ್ಚಿರುವುದು ಮೂರೇ ಇದ್ದವು, ಹತ್ತು ನಿಮಿಷದಲ್ಲಿ ಸಿಕ್ಕಿತು. ಎಣಿಸದೆ ಬೀಗ ಹಾಕಿದ್ದರೆ ಆ ಠೇವಣಿದಾರರು ಪಾಸ್ ಪುಸ್ತಕ ಹಿಡಿದು ಬರುವವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ.

ಖತಾವಣಿ

ಸರಿಯಾದ ಮಾತು. ನಾನು ನೋಡಿದ ಮಟ್ಟಿಗೆ ಕಡತ ಸೇರಿಸುವುದರಲ್ಲೂ ಬೇರೆ ತೊಂದರೆ ಬರುತ್ತದೆ. ಶಾಖಾ ಲೆಕ್ಕದ ಋಣ ಚಿಹ್ನೆ ಬಿದ್ದುಹೋಗಿ ಕೊಡಬೇಕಾದದ್ದು ಬರಬೇಕಾದದ್ದಾಗಿ ಕುಳಿತಿದ್ದನ್ನು ಎರಡು ಸಂಘಗಳಲ್ಲಿ ನೋಡಿದ್ದೇನೆ. ಹೊರಗಿನ ಮೊತ್ತದ ಸಾಲು, ಕಾಲಂ ಆಗಲೂ ಬೇಕು.

ಹಾಳೆ ಸೂತ್ರ

ಚಿಹ್ನೆಯ ತಪ್ಪನ್ನು ಒಮ್ಮೆ ಸರಿಪಡಿಸಿದರೆ ಪ್ರತಿ ವರ್ಷ ಸರಿಯಾಗಿರುತ್ತದೆ. ಬೆರಳಚ್ಚಿನ ತಪ್ಪು ಪ್ರತಿ ವರ್ಷ ಹೊಸದು. ನಾನಂತೂ ಕಡತದ ಪರವೇ.

ಸಂಘದ ಕಾರ್ಯದರ್ಶಿ

ತಡವಾಗಿ ಓದಿದೆ. ಅನಾಮತ್ತು ಖಾತೆಯನ್ನು ಎಲ್ಲರೂ ತೀರಾ ದೂರುತ್ತಿದ್ದೀರಿ ಎನಿಸಿತು. ಹದಿನೈದೋ ಇಪ್ಪತ್ತೋ ರೂಪಾಯಿಯ ವ್ಯತ್ಯಾಸಕ್ಕೆ ಮೂವರು ನೌಕರರು ವಾರಗಟ್ಟಲೆ ಕೂರುವುದು ನ್ಯಾಯವೇ? ನಾವು ಅನಾಮತ್ತಿಗೆ ಹಾಕಿ, ಮುಂದಿನ ವರ್ಷ ಸಿಕ್ಕಾಗ ತಿದ್ದುತ್ತೇವೆ.

ಖತಾವಣಿ

ತಾಳೆ ಪಟ್ಟಿಯ ಹಂತದಲ್ಲಿ ಕೆಲಸ ಮುಂದುವರಿಸಲು ಹಾಕಿಕೊಳ್ಳಿ, ತಕರಾರಿಲ್ಲ. ವ್ಯತ್ಯಾಸ ಚಿಕ್ಕದೆಂದು ತಪ್ಪೂ ಚಿಕ್ಕದೆಂದು ಹೇಳಲಾಗದು ಎಂಬುದೇ ನನ್ನ ಆತಂಕ. ಮೇಡಂ ಅವರ ಎರಡು ತಪ್ಪುಗಳೂ ವ್ಯತ್ಯಾಸವನ್ನು ಹೆಚ್ಚಿಸಿದ್ದರಿಂದ 46,800 ಆಗಿ ಕಣ್ಣಿಗೆ ಬಿತ್ತು. ಆ ಬಡ್ಡಿಯ ಸಾಲಿನಲ್ಲಿ 1,800 ಹೆಚ್ಚಾಗುವ ಬದಲು ಠೇವಣಿಯ ಸಾಲಿನಲ್ಲಿ 45,000 ಕಡಿಮೆಯಾಗಿದ್ದರೆ? ಆಸ್ತಿಯೂ ಅಷ್ಟೇ ಕಡಿಮೆ, ಜವಾಬ್ದಾರಿಯೂ ಅಷ್ಟೇ ಕಡಿಮೆ, ವ್ಯತ್ಯಾಸ ಸೊನ್ನೆ. ಹುಡುಕಲು ಯಾರೂ ಕೂರುತ್ತಿರಲಿಲ್ಲ. ಅಡ್ಡ-ಉದ್ದ ಸಾಲುಗಳನ್ನು ಹೊರಗಿನ ಮೊತ್ತದ ಜೊತೆ ನೋಡಿದವರಿಗೆ ಮಾತ್ರ ಅದು ಸಿಗುತ್ತಿತ್ತು.

ಸಂಘದ ಕಾರ್ಯದರ್ಶಿ

ದೊಡ್ಡ ಮೊತ್ತಕ್ಕೆ ಒಪ್ಪುತ್ತೇನೆ. ಇಪ್ಪತ್ತು ರೂಪಾಯಿಗೆ ಒಪ್ಪುವುದಿಲ್ಲ.

ಶಾಖೆಲೆಕ್ಕ

ನಿಮ್ಮ ಈ ಮಾತು ಓದಿ ಕಳೆದ ವರ್ಷದ ಕಾಲಂ ಅನ್ನೂ ಇದೇ ರೀತಿ ಅಡ್ಡ-ಉದ್ದ ಕೂಡಿದೆ ಖತಾವಣಿ ಸರ್. ಆ ಪತ್ರಿಕೆ ಮಹಾಸಭೆಯಲ್ಲಿ ಮಂಜೂರಾಗಿದೆ, ಎರಡೂ ಕಡೆ ಸಮವಾಗಿದೆ. ಆದರೆ ಸದಸ್ಯರ ಸಾಲದ ಸಾಲು ಖಾತಾ ಪುಸ್ತಕಕ್ಕಿಂತ 2,700 ಹೆಚ್ಚಿದೆ, ಠೇವಣಿಯ ಸಾಲೂ 2,700 ಹೆಚ್ಚಿದೆ. ಎರಡೂ ಸಂತೆ ಶಾಖೆಯ ಕಾಲಂನಲ್ಲೇ. ಆಗ ನಾನು ಇಲ್ಲಿರಲಿಲ್ಲ. ಸೋಮವಾರ ಆ ವರ್ಷದ ಕಾಗದಗಳ ಕಟ್ಟು ಬಿಚ್ಚುತ್ತೇನೆ.